ಒಂದು ಇನ್‌ಬಾಕ್ಸ್, ನಾಲ್ಕು ಹುದ್ದೆ: ಇಮೇಲ್‌ಗೆ ಬಂದ ರೆಸ್ಯೂಮೆಗಳ ವಿಂಗಡಣೆ

ಸಣ್ಣ ಕಂಪನಿಯಲ್ಲಿ ನೇಮಕಾತಿಗೆಂದೇ ಒಂದು ವಿಭಾಗ ಇರುವುದಿಲ್ಲ. ಹಾಜರಿ, ಸಂಬಳ, ಬಿಲ್ಲು, ಕೊರಿಯರ್ ಎಲ್ಲವನ್ನೂ ನೋಡಿಕೊಳ್ಳುವ ಕಚೇರಿ ಸಹಾಯಕರ ಮೇಜಿಗೇ ರೆಸ್ಯೂಮೆಗಳೂ ಬಂದು ಸೇರುತ್ತವೆ. ಕೆಲಸ ಖಾಲಿ ಇದೆಯೆಂದು ಪ್ರಕಟಿಸಿದ ಮೇಲೆ ಅವರಿಗೆ ಇರುವುದು ಎರಡು ಕೆಲಸ. ಬಂದ ಪ್ರತಿ ರೆಸ್ಯೂಮೆ ಯಾವ ಹುದ್ದೆಗೆ ಸೇರಬೇಕೆಂದು ತೀರ್ಮಾನಿಸುವುದು ಒಂದು, ಆ ಅಭ್ಯರ್ಥಿಯನ್ನು ಒಂದು ದಾಖಲೆಯಲ್ಲಿ ನಮೂದಿಸುವುದು ಇನ್ನೊಂದು. ಇವೆರಡೂ ಸರಿಯಾಗಿ ನಡೆದರೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕೆಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ತಪ್ಪಿದರೆ ಒಬ್ಬರಿಗೇ ಎರಡು ಸಲ ಫೋನ್ ಹೋಗುತ್ತದೆ, ಬೇಕಾದವರ ಮೇಲ್ ಮಾತ್ರ ಯಾರೂ ತೆರೆಯದೆ ಉಳಿದಿರುತ್ತದೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ಜಾಬ್ ವರ್ಕ್ ಮೇಲೆ ಮಾಡಿಕೊಡುವ, ನಲವತ್ತು ಜನರಿರುವ ಒಂದು ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಥ ಘಟಕಕ್ಕೆ ಒಮ್ಮೆಗೇ ನಾಲ್ಕು ಬಗೆಯ ಜನ ಬೇಕಾಗುವುದು ಸಾಮಾನ್ಯ: ಸಿಎನ್‌ಸಿ ಟರ್ನಿಂಗ್ ಯಂತ್ರಕ್ಕೆ ಆಪರೇಟರ್, ಕ್ವಾಲಿಟಿ ಇನ್‌ಸ್ಪೆಕ್ಟರ್, ಅಕೌಂಟ್ಸ್ ಸಹಾಯಕ, ಮಾರ್ಕೆಟಿಂಗ್‌ಗೆ ಒಬ್ಬ ಎಂಜಿನಿಯರ್. ಗೇಟಿನ ಬೋರ್ಡಿನಲ್ಲಿ, ಐಟಿಐಗಳ ಸೂಚನಾ ಫಲಕದಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಉದ್ಯೋಗ ಜಾಲತಾಣದಲ್ಲಿ ಹೀಗೆ ಎಲ್ಲೆಡೆ ಹೋಗುವುದು ಒಂದೇ ಇಮೇಲ್ ವಿಳಾಸ. ವಿಂಗಡಣೆ ಆರಂಭವಾಗುವುದು ಇಲ್ಲೇ, ಅಂದರೆ ಮೊದಲ ರೆಸ್ಯೂಮೆ ಬರುವುದಕ್ಕೂ ಮುಂಚೆ.

ಜಿಮೇಲ್‌ನಲ್ಲಿ ಒಂದು ಅನುಕೂಲವಿದೆ. ವಿಳಾಸದ ಹೆಸರಿನ ಭಾಗದ ಕೊನೆಗೆ ಕೂಡಿಸುವ ಚಿಹ್ನೆಯನ್ನೂ ಒಂದು ಪದವನ್ನೂ ಸೇರಿಸಿದರೂ ಮೇಲ್ ಅದೇ ಇನ್‌ಬಾಕ್ಸ್‌ಗೆ ಬರುತ್ತದೆ. `hr@example.com` ಎಂಬುದು ಕಂಪನಿಯ ಜಿಮೇಲ್ ಖಾತೆಯಾದರೆ `hr+cnc@example.com`, `hr+qc@example.com` ಎಂಬ ವಿಳಾಸಗಳಿಗಾಗಿ ಬೇರೆ ಖಾತೆ ತೆರೆಯಬೇಕಿಲ್ಲ. ಪ್ರತಿ ಹುದ್ದೆಯ ಪ್ರಕಟಣೆಯಲ್ಲಿ ಅದರದೇ ವಿಳಾಸ ಕೊಟ್ಟರೆ, ಅಭ್ಯರ್ಥಿ ವಿಷಯದ ಸಾಲಿನಲ್ಲಿ ಏನೇ ಬರೆಯಲಿ, ಯಾವ ಪ್ರಕಟಣೆ ನೋಡಿ ಕಳಿಸಿದ್ದಾನೆಂಬುದು ಗೊತ್ತಾಗುತ್ತದೆ. ಬೋರ್ಡಿನ ಮೇಲೆ ಕೈಬರಹದಲ್ಲಿ ಬರೆದ ಕೂಡಿಸುವ ಚಿಹ್ನೆಯನ್ನು ಕೆಲವರು ಬಿಟ್ಟುಬಿಡುತ್ತಾರೆ. ಆದರೆ ಚಿಹ್ನೆಯನ್ನೂ ಅದರ ಮುಂದಿನ ಪದವನ್ನೂ ಎರಡನ್ನೂ ಬಿಟ್ಟರೆ ಮೇಲ್ ಮೂಲ ವಿಳಾಸಕ್ಕೆ ಬರುತ್ತದೆ, ನಷ್ಟವಿಲ್ಲ. ಚಿಹ್ನೆ ಮಾತ್ರ ಬಿಟ್ಟು `hrcnc` ಎಂದು ಸೇರಿಸಿ ಬರೆದರೆ ಅದು ಬೇರೆಯದೇ ವಿಳಾಸವಾಗಿ ಮೇಲ್ ತಲುಪುವುದಿಲ್ಲ. ಹಾಗಾಗಿ ಗೇಟಿನ ಬೋರ್ಡಿಗೆ ಸರಳ ವಿಳಾಸವೇ ವಾಸಿ. ಜಾಲತಾಣಕ್ಕೂ ವಾಟ್ಸ್ಆ್ಯಪ್‌ಗೂ, ಅಂದರೆ ನಕಲು ಮಾಡಿ ಅಂಟಿಸುವ ಕಡೆಗಳಿಗೆಲ್ಲ, ಹುದ್ದೆಯ ವಿಳಾಸ ಕೊಡಬಹುದು.

ಮುಂದಿನದು ಲೇಬಲ್ ಮತ್ತು ಫಿಲ್ಟರ್. `cnc`, `qc`, `acc`, `mkt` ಎಂದು ನಾಲ್ಕು ಲೇಬಲ್ ಮಾಡಿ, ಆಯಾ ವಿಳಾಸಕ್ಕೆ ಬಂದ ಮೇಲ್‌ಗೆ ಆಯಾ ಲೇಬಲ್ ತಾನಾಗಿ ಅಂಟುವಂತೆ ಫಿಲ್ಟರ್ ಹಾಕಬೇಕು. ಫಿಲ್ಟರಿನ ಷರತ್ತು ಹೀಗಿದ್ದರೆ ಸಾಕು:

```
to:hr+cnc@example.com
```

ಇಲ್ಲಿ ಅನೇಕರು ಮಾಡುವ ತಪ್ಪೆಂದರೆ, ಲೇಬಲ್ ಅಂಟಿಸುವುದರ ಜೊತೆಗೆ ಮೇಲ್ ಇನ್‌ಬಾಕ್ಸ್‌ಗೆ ಬಾರದಂತೆ ಮಾಡುವ ಆಯ್ಕೆಯನ್ನೂ ಗುರುತು ಹಾಕಿಬಿಡುವುದು. ಇನ್‌ಬಾಕ್ಸ್ ಸ್ವಚ್ಛವಾಗಿ ಕಾಣುತ್ತದೆ ನಿಜ, ಆದರೆ ರೆಸ್ಯೂಮೆಗಳು ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ. ಫಿಲ್ಟರ್ ಲೇಬಲ್ ಅಂಟಿಸಲಿ. ಇನ್‌ಬಾಕ್ಸ್‌ನಿಂದ ತೆಗೆಯುವ ಕೆಲಸವನ್ನು ಅದನ್ನು ಓದಿ ದಾಖಲಿಸಿದ ಮನುಷ್ಯರೇ ಮಾಡಬೇಕು. ಇದಕ್ಕೆಂದೇ `logged` ಎಂಬ ಐದನೆಯ ಲೇಬಲ್ ಇರಬೇಕು. ದಾಖಲೆಗೆ ಏರಿದ ಮೇಲ್‌ಗೆ ಮಾತ್ರ ಅದು ಬೀಳುತ್ತದೆ.

ಫಿಲ್ಟರ್ ಅಂಟಿಸಿದ ಲೇಬಲ್ ಹೇಳುವುದು ಅಭ್ಯರ್ಥಿ ಎಲ್ಲಿಗೆ ಅರ್ಜಿ ಹಾಕಿದ್ದಾನೆ ಎಂಬುದನ್ನು ಮಾತ್ರ. ಅವನಿಗೆ ಯಾವ ಕೆಲಸ ಬರುತ್ತದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಈ ವ್ಯತ್ಯಾಸವನ್ನು ಹಿಡಿಯುವುದೇ ವಿಂಗಡಣೆಯ ಜೀವಾಳ, ಮತ್ತು ಅದಕ್ಕೆ ರೆಸ್ಯೂಮೆಯನ್ನು ಓದುವುದಲ್ಲದೆ ಬೇರೆ ದಾರಿಯಿಲ್ಲ. ಓದುವಾಗ ಹುದ್ದೆಯ ಹೆಸರಿಗಿಂತ ಅದರ ಕೆಳಗೆ ಬರೆದಿರುವ ಕೆಲಸವನ್ನು ನೋಡಬೇಕು. "ಸಿಎನ್‌ಸಿ ಆಪರೇಟರ್" ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಕೆಲಸಗಾರರು ಬರುತ್ತಾರೆ. ಮೊದಲನೆಯವರು ಯಂತ್ರಕ್ಕೆ ಬಿಡಿಭಾಗ ಹಾಕಿ, ಸೈಕಲ್ ಚಾಲೂ ಮಾಡಿ, ತೆಗೆದು, ಅಳತೆ ನೋಡುವವರು. ಎರಡನೆಯವರು ಸೆಟ್ಟರ್. ಚಕ್‌ಗೆ ಜಾ ಕೂರಿಸಿ, ಟೂಲ್ ಕಟ್ಟಿ, ಆಫ್‌ಸೆಟ್ ಕೊಟ್ಟು, ಮೊದಲ ಪೀಸ್ ತೆಗೆದು ಪಾಸ್ ಮಾಡಿಸುವವರು. ಮೂರನೆಯವರು ಡ್ರಾಯಿಂಗ್ ನೋಡಿ ಪ್ರೋಗ್ರಾಂ ಬರೆಯುವವರು. ಸಂಬಳದಲ್ಲೂ ಜವಾಬ್ದಾರಿಯಲ್ಲೂ ಈ ಮೂವರ ನಡುವೆ ಅಂತರವಿದೆ. ರೆಸ್ಯೂಮೆಯಲ್ಲಿ ಟೂಲ್ ಸೆಟ್ಟಿಂಗ್, ಆಫ್‌ಸೆಟ್, ಫಸ್ಟ್ ಪೀಸ್ ಅಪ್ರೂವಲ್ ಎಂಬ ಮಾತುಗಳಿದ್ದರೆ ಎರಡನೆಯ ಬಗೆಯೆಂದು ಊಹಿಸಬಹುದು. "ಪ್ರೊಡಕ್ಷನ್ ಟಾರ್ಗೆಟ್ ಮುಗಿಸುವುದು" ಎಂದಷ್ಟೇ ಇದ್ದರೆ ಮೊದಲನೆಯದು. ಊಹೆ ಊಹೆಯೇ, ಖಚಿತವಾಗುವುದು ಫೋನಿನಲ್ಲಿ ಅಥವಾ ಯಂತ್ರದ ಮುಂದೆ ಟ್ರಯಲ್ ಕೊಟ್ಟಾಗ.

ಯಂತ್ರ ಯಾವುದೆಂಬುದೂ ಮುಖ್ಯ. ಟರ್ನಿಂಗ್ ಸೆಂಟರ್‌ನಲ್ಲಿ ತಿರುಗುವುದು ಬಿಡಿಭಾಗ, ವಿಎಂಸಿಯಲ್ಲಿ ತಿರುಗುವುದು ಟೂಲ್. ಒಂದರಲ್ಲಿ ಪಳಗಿದವರು ಇನ್ನೊಂದನ್ನು ಕಲಿಯಬಲ್ಲರು, ಆದರೆ ಮರುದಿನದಿಂದಲೇ ಓಡಿಸಲಾರರು. ಕಂಟ್ರೋಲರ್ ಫಾನುಕ್ ಆಗಿತ್ತೇ ಸೀಮೆನ್ಸ್ ಆಗಿತ್ತೇ ಎಂಬುದನ್ನು ಬಹಳಷ್ಟು ಜನ ತಾವಾಗಿಯೇ ಬರೆದಿರುತ್ತಾರೆ. ಬರೆಯದಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಅಕೌಂಟ್ಸ್‌ನಲ್ಲೂ ಇದೇ ಕಥೆ. ಬಿ.ಕಾಂ ಜೊತೆ ಟ್ಯಾಲಿ ಕೋರ್ಸ್ ಮಾಡಿದವರೂ, ನಾಲ್ಕು ವರ್ಷ ಟ್ಯಾಲಿಯಲ್ಲೇ ಕೆಲಸ ಮಾಡಿದವರೂ ರೆಸ್ಯೂಮೆಯಲ್ಲಿ "ಟ್ಯಾಲಿ" ಎಂದೇ ಬರೆಯುತ್ತಾರೆ. ಖರೀದಿ ಬಿಲ್ಲುಗಳ ನಮೂದು, ಇ-ವೇ ಬಿಲ್, ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ, ಬ್ಯಾಂಕ್ ತಾಳೆ ಇವುಗಳಲ್ಲಿ ಯಾವುದನ್ನು ತಾನೇ ಮಾಡುತ್ತಿದ್ದೆ ಎಂದು ಅಭ್ಯರ್ಥಿ ಹೇಳಿದ್ದಾರೆ ಎಂಬುದರಿಂದ ಕೋರ್ಸಿಗೂ ಅನುಭವಕ್ಕೂ ಇರುವ ಅಂತರ ತಿಳಿಯುತ್ತದೆ. ಹೀಗೆ ಹುದ್ದೆಗೆ ಮೂರು ನಾಲ್ಕು ಗುರುತುಗಳನ್ನು ಆ ವಿಭಾಗದ ಮುಖ್ಯಸ್ಥರಿಂದಲೇ ಕೇಳಿ ಬರೆದಿಟ್ಟುಕೊಂಡರೆ, ಯಂತ್ರದ ಹತ್ತಿರ ಎಂದೂ ನಿಂತಿರದ ಕಚೇರಿ ಸಹಾಯಕರೂ ಸರಿಯಾಗಿ ವಿಂಗಡಿಸಬಲ್ಲರು. ಈ ಒಂದು ಪುಟ ಇಲ್ಲದೆ ವಿಂಗಡಣೆಗೆ ಕೂರಬಾರದು.

ಒಂದು ರೆಸ್ಯೂಮೆಯನ್ನು ಹಿಡಿದು ನೋಡೋಣ. ತುಮಕೂರಿನ ಅಭ್ಯರ್ಥಿ, ಐಟಿಐ ಟರ್ನರ್ ಟ್ರೇಡ್, 2017ರಲ್ಲಿ ಪಾಸ್. ಮೊದಲ ಕಂಪನಿಯಲ್ಲಿ ಮೂರು ವರ್ಷ ಟರ್ನಿಂಗ್ ಯಂತ್ರ, ಫಾನುಕ್ ಕಂಟ್ರೋಲರ್. ಈಗಿನ ಕಂಪನಿಯಲ್ಲಿ ಹುದ್ದೆಯ ಹೆಸರು "ಸೀನಿಯರ್ ಆಪರೇಟರ್". ಆದರೆ ಕೆಲಸದ ವಿವರದಲ್ಲಿರುವುದು ಯಂತ್ರದ ಪಕ್ಕದಲ್ಲೇ ನಡುನಡುವೆ ತಪಾಸಣೆ, ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್, ತಪಾಸಣಾ ವರದಿ ಬರೆಯುವುದು. ಮೇಲ್ ಬಂದಿರುವುದು `cnc` ವಿಳಾಸಕ್ಕೆ. ಫಿಲ್ಟರ್ ಇವರನ್ನು ಆಪರೇಟರ್ ಎಂದಿತು, ಈಗಿನ ಹುದ್ದೆಯ ಹೆಸರೂ ಅದನ್ನೇ ಹೇಳುತ್ತಿದೆ. ಆದರೆ ಇತ್ತೀಚಿನ ಕೆಲಸ ಪೂರ್ತಿ ಕ್ವಾಲಿಟಿಯದು. ಇಂಥವರಿಗೆ ಮುಖ್ಯ ಹುದ್ದೆ `qc`, ಎರಡನೆಯ ಹುದ್ದೆ `cnc` ಎಂದು ಬರೆಯುವುದು ಸರಿ. ಯಂತ್ರ ಓಡಿಸಿ ಗೊತ್ತಿರುವ ಇನ್‌ಸ್ಪೆಕ್ಟರ್ ಸಣ್ಣ ಘಟಕಕ್ಕೆ ದೊಡ್ಡ ಆಸ್ತಿ, ಅಳತೆ ಯಾಕೆ ತಪ್ಪಿತೆಂದು ಅವರಿಗೆ ಅಲ್ಲೇ ಹೊಳೆಯುತ್ತದೆ. ಒಂದು ಮೇಲ್‌ಗೆ ಎರಡು ಲೇಬಲ್ ಅಂಟಿಸಲು ಜಿಮೇಲ್ ಬಿಡುವುದರಿಂದ ಮೇಲ್‌ನ ಪ್ರತಿ ಮಾಡಿಡುವ ಅಗತ್ಯವಿಲ್ಲ. ಆದರೆ ಮುಖ್ಯ ಹುದ್ದೆ ಒಂದೇ ಇರಬೇಕು. ಇಲ್ಲವಾದರೆ ಎರಡೂ ವಿಭಾಗದವರು "ಅವರು ಫೋನ್ ಮಾಡಿರುತ್ತಾರೆ" ಎಂದುಕೊಂಡು ಸುಮ್ಮನಿರುತ್ತಾರೆ.

"ಯಾವ ಕೆಲಸವಾದರೂ ಸರಿ" ಎಂದು ಬರೆಯುವವರೂ ಬಹಳ. ಅವರನ್ನು ಹತ್ತಿರದ ಯಾವುದೋ ಹುದ್ದೆಗೆ ತುರುಕಬಾರದು. `pool` ಎಂಬ ಲೇಬಲ್ ಅಡಿಯಲ್ಲಿ ಇಟ್ಟು, ಹೊಸಬರನ್ನು ತೆಗೆದುಕೊಳ್ಳುವ ಸಂದರ್ಭದಲ್ಲಿ ಮೊದಲು ಅಲ್ಲೇ ಹುಡುಕುವುದು ನ್ಯಾಯ.

ಇನ್ನು ಮೇಲ್ ಕಳಿಸಿದವರೇ ಅಭ್ಯರ್ಥಿ ಎಂದು ನಂಬುವಂತಿಲ್ಲ. ಊರಿನ ಸೈಬರ್ ಸೆಂಟರ್‌ನಿಂದ, ಅಣ್ಣನ ಅಥವಾ ಗೆಳೆಯನ ಇಮೇಲ್‌ನಿಂದ ರೆಸ್ಯೂಮೆ ಕಳಿಸುವುದು ನಮ್ಮಲ್ಲಿ ತೀರ ಸಾಮಾನ್ಯ. ಒಂದೇ ವಿಳಾಸದಿಂದ ಐದು ಜನರ ರೆಸ್ಯೂಮೆ ಬರಬಹುದು, ಕೆಲವೊಮ್ಮೆ ಒಂದೇ ಮೇಲ್‌ನಲ್ಲಿ ಐದೂ ಇರಬಹುದು. ಉದ್ಯೋಗ ಜಾಲತಾಣದ ಮೂಲಕ ಬಂದ ಮೇಲ್‌ನಲ್ಲಿ ಕಳಿಸಿದವರ ಜಾಗದಲ್ಲಿ ಜಾಲತಾಣದ ವಿಳಾಸವೇ ಇರಬಹುದು. ಅಂಥದಕ್ಕೆ ಉತ್ತರ ಬರೆದರೆ ಅಭ್ಯರ್ಥಿಗೆ ತಲುಪುತ್ತದೆಂಬ ಖಾತರಿ ಇಲ್ಲ. ಆದ್ದರಿಂದ ದಾಖಲೆಗೆ ಬರೆಯಬೇಕಾದ ಇಮೇಲ್ ರೆಸ್ಯೂಮೆಯ ಒಳಗಿರುವುದು, ಮೇಲ್‌ನ ತಲೆಯಲ್ಲಿರುವುದಲ್ಲ.

ಕಡತಗಳಲ್ಲೂ ತೊಡಕುಗಳಿವೆ. ಮೊಬೈಲಿನಲ್ಲಿ ತೆಗೆದ ಫೋಟೋ ರೂಪದ ರೆಸ್ಯೂಮೆಯನ್ನು ಕಣ್ಣಿನಿಂದಲೇ ಓದಬೇಕು, ಅದರಲ್ಲಿರುವ "ಟರ್ನಿಂಗ್" ಎಂಬ ಪದಕ್ಕಾಗಿ ಹುಡುಕಿದರೆ ಸಿಗುತ್ತದೆಂದು ನೆಚ್ಚುವಂತಿಲ್ಲ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಬಯೋಡೇಟಾ ವರ್ಡ್ ಕಡತವಾಗಿ ಬಂದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೆರೆಯುತ್ತದೆ. ಅದನ್ನು ಹಾಳಾದ ಕಡತವೆಂದು ಎಸೆಯುವುದು ಅನ್ಯಾಯ. ಫಾಂಟ್ ಹಾಕಿಕೊಂಡರೆ ಓದಲು ಬರುತ್ತದೆ, ಅಥವಾ ಪಿಡಿಎಫ್ ಮಾಡಿ ಕಳಿಸಲು ಕೇಳಬಹುದು. ತೆರೆಯಬಾರದ ಕಡತಗಳೂ ಇವೆ. ರೆಸ್ಯೂಮೆಯ ಹೆಸರಿನಲ್ಲಿ ಜಿಪ್ ಕಡತವೋ, `.docm` ಎಂದು ಕೊನೆಯಾಗುವ ಮ್ಯಾಕ್ರೋ ಕಡತವೋ ಬಂದರೆ ಇಳಿಸಿಕೊಳ್ಳದೆ, ಪಿಡಿಎಫ್ ಕಳಿಸಿ ಎಂದು ಉತ್ತರಿಸುವುದೇ ಸುರಕ್ಷಿತ. ಉಳಿದವನ್ನೂ ಮೊದಲು ಮೇಲ್‌ನಲ್ಲೇ ಮುನ್ನೋಟ ನೋಡಿ ಓದುವ ಅಭ್ಯಾಸ ಒಳ್ಳೆಯದು.

ಈಗ ದಾಖಲೆ. ಗೂಗಲ್ ಶೀಟ್ಸ್‌ನ ಒಂದು ಹಾಳೆ ಸಾಕು, ನಾಲ್ಕು ಹುದ್ದೆಗೆ ನಾಲ್ಕು ಹಾಳೆ ಬೇಡ. ಬೇರೆ ಬೇರೆ ಹಾಳೆ ಮಾಡಿದರೆ ತುಮಕೂರಿನ ಅಭ್ಯರ್ಥಿಯಂಥವರು ಎರಡು ಕಡೆ ಕಾಣಿಸಿಕೊಂಡು, ಒಂದು ಕಡೆ "ಸಂದರ್ಶನ ಆಯಿತು" ಎಂದೂ ಇನ್ನೊಂದು ಕಡೆ "ಫೋನ್ ಮಾಡಬೇಕು" ಎಂದೂ ಇರುತ್ತದೆ. ನಿಯಮ ಇಷ್ಟೇ: ಒಬ್ಬ ವ್ಯಕ್ತಿಗೆ ಒಂದು ಸಾಲು. ಹುದ್ದೆ ಒಂದು ಕಾಲಮ್, ಎರಡನೆಯ ಹುದ್ದೆ ಇನ್ನೊಂದು ಕಾಲಮ್. ಯಾವುದೇ ಹುದ್ದೆಯವರನ್ನು ಮಾತ್ರ ನೋಡಬೇಕೆಂದರೆ ಹಾಳೆಯಲ್ಲಿ ಫಿಲ್ಟರ್ ಹಾಕಿದರಾಯಿತು. ಪ್ರತಿ ಸಾಲಿಗೆ ಕ್ರಮಸಂಖ್ಯೆ ಕೊಡುವಾಗ ಅದರೊಳಗೆ ಹುದ್ದೆಯ ಹೆಸರು ಸೇರಿಸಬಾರದು. `CNC-37` ಎಂದು ಸಂಖ್ಯೆ ಕೊಟ್ಟ ಮೇಲೆ ಅಭ್ಯರ್ಥಿ ಕ್ವಾಲಿಟಿಗೆ ಹೋದರೆ ಸಂಖ್ಯೆಯೇ ಸುಳ್ಳಾಗುತ್ತದೆ. `2025-037` ಎಂಬಂತೆ ವರ್ಷ ಮತ್ತು ಸರದಿ ಇದ್ದರೆ ಎಂದೂ ಬದಲಿಸಬೇಕಿಲ್ಲ. ರೆಸ್ಯೂಮೆ ಕಡತವನ್ನು ಡ್ರೈವ್‌ನಲ್ಲಿ ಉಳಿಸುವಾಗಲೂ ಇದೇ ಸಂಖ್ಯೆಯನ್ನು ಹೆಸರಿನ ಮುಂದೆ ಹಾಕಬೇಕು, ಯಾಕೆಂದರೆ ಅಭ್ಯರ್ಥಿಗಳಲ್ಲಿ ಬಹುಪಾಲು ಜನ ಕಳಿಸುವ ಕಡತದ ಹೆಸರು `resume.pdf` ಎಂದೇ ಇರುತ್ತದೆ.

ಒಬ್ಬರೇ ಎರಡು ಸಲ ಬಂದಿದ್ದಾರೆಂದು ತಿಳಿಯುವುದು ಹೇಗೆ? ಹೆಸರಿನಿಂದ ತಿಳಿಯುವುದಿಲ್ಲ. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಮಂಜುನಾಥ ಎಂಬುದು ಇಂಗ್ಲಿಷಿನಲ್ಲಿ ಒಮ್ಮೆ ಕೊನೆಗೆ `a` ಇಟ್ಟು, ಒಮ್ಮೆ ಬಿಟ್ಟು ಬರುತ್ತದೆ. ಇಮೇಲ್‌ನ ಪಾಡು ಆಗಲೇ ನೋಡಿಯಾಯಿತು. ಇದ್ದುದರಲ್ಲಿ ಗಟ್ಟಿ ಆಧಾರ ಮೊಬೈಲ್ ಸಂಖ್ಯೆ. ಆದರೆ ಅದನ್ನೂ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಮುಂದೆ +91 ಹಾಕಿ, ಸೊನ್ನೆ ಹಾಕಿ, ನಡುವೆ ಜಾಗ ಬಿಟ್ಟು, ಅಡ್ಡಗೆರೆ ಎಳೆದು. ಆದ್ದರಿಂದ ರೆಸ್ಯೂಮೆಯಲ್ಲಿದ್ದಂತೆ ಅಂಟಿಸಲು ಒಂದು ಕಾಲಮ್, ಅದರ ಪಕ್ಕದಲ್ಲಿ ಕೊನೆಯ ಹತ್ತು ಅಂಕಿಗಳನ್ನು ಮಾತ್ರ ಉಳಿಸುವ ಇನ್ನೊಂದು ಕಾಲಮ್ ಬೇಕು. ಅಂಟಿಸುವ ಕಾಲಮ್ D ಆದರೆ ಅದನ್ನು ಮೊದಲೇ `Plain text` ಮಾಡಿಟ್ಟು, E ಕಾಲಮ್‌ನಲ್ಲಿ ಹೀಗೆ ಬರೆಯಬಹುದು:

```
=RIGHT(REGEXREPLACE(D2,"[^0-9]",""),10)
```

ಅಂಕಿಯಲ್ಲದ ಎಲ್ಲವನ್ನೂ ಇದು ತೆಗೆದುಹಾಕಿ ಬಲಗಡೆಯ ಹತ್ತನ್ನು ಉಳಿಸುತ್ತದೆ. ಒಂದೇ ಚೌಕದಲ್ಲಿ ಎರಡು ಸಂಖ್ಯೆ ಅಂಟಿಸಿದರೆ ಎರಡನೆಯದು ಮಾತ್ರ ಉಳಿಯುವುದರಿಂದ ಇನ್ನೊಂದು ಸಂಖ್ಯೆಗೆ ಬೇರೆ ಕಾಲಮ್ ಇರಲಿ. ಆಮೇಲೆ ಷರತ್ತಿನ ಮೇಲೆ ಬಣ್ಣ ಹಚ್ಚುವ ಸೌಲಭ್ಯದಲ್ಲಿ ಈ ಸೂತ್ರ ಕೊಟ್ಟರೆ, ಎರಡನೆಯ ಸಲ ಬಂದ ಸಂಖ್ಯೆ ಕೂಡಲೇ ಬಣ್ಣಕ್ಕೆ ತಿರುಗುತ್ತದೆ:

```
=AND($E2<>"",COUNTIF($E:$E,$E2)>1)
```

ತುಮಕೂರಿನ ಅಭ್ಯರ್ಥಿ ವಾರದ ನಂತರ ಉದ್ಯೋಗ ಜಾಲತಾಣದ ಮೂಲಕ, ಇನಿಷಿಯಲ್ ಮುಂದಿಟ್ಟ ಹೆಸರಿನಲ್ಲಿ, ಈ ಬಾರಿ ಕ್ವಾಲಿಟಿ ಹುದ್ದೆಗೇ ಅರ್ಜಿ ಹಾಕಿದ್ದಾರೆ ಎಂದಿಟ್ಟುಕೊಂಡರೆ, ಹೆಸರು ನೋಡಿ ಹೊಸಬರೆಂದು ಎಣಿಸಿ ಸಾಲು ಸೇರಿಸಿದರೂ ಸಂಖ್ಯೆ ಬಣ್ಣಕ್ಕೆ ತಿರುಗಿ ಎಚ್ಚರಿಸುತ್ತದೆ. ಆಗ ಹೊಸ ಸಾಲು ಅಳಿಸಿ, ಹಳೆಯ ಸಾಲಿನಲ್ಲೇ ಎರಡನೆಯ ಸಲ ಬಂದ ದಿನಾಂಕವನ್ನೂ ಹೊಸ ರೆಸ್ಯೂಮೆಯ ಕೊಂಡಿಯನ್ನೂ ಸೇರಿಸಬೇಕು. ಆದರೆ ಬಣ್ಣ ಬಂದೊಡನೆ ಕಣ್ಣು ಮುಚ್ಚಿ ಅಳಿಸುವುದು ತಪ್ಪು. ಅಣ್ಣತಮ್ಮಂದಿರು ಒಂದೇ ಫೋನ್ ಸಂಖ್ಯೆ ಕೊಟ್ಟಿರಬಹುದು. ಹುಟ್ಟಿದ ವರ್ಷ ಅಥವಾ ಓದಿದ ಸಂಸ್ಥೆ ತಾಳೆಯಾದರೆ ಮಾತ್ರ ಅವರೇ ಇವರು.

ಅನುಭವದ ಕಾಲಮ್ ಅತಿ ಹೆಚ್ಚು ದಾರಿ ತಪ್ಪಿಸುತ್ತದೆ. ರೆಸ್ಯೂಮೆಯಲ್ಲಿ "4.5 ವರ್ಷ" ಎಂದಿದ್ದರೆ ಒಬ್ಬರಿಗೆ ಅದು ನಾಲ್ಕೂವರೆ ವರ್ಷ, ಇನ್ನೊಬ್ಬರಿಗೆ ನಾಲ್ಕು ವರ್ಷ ಐದು ತಿಂಗಳು. ಮೇಲಾಗಿ ಆರು ತಿಂಗಳ ನಂತರ ಹಾಳೆ ತೆರೆದಾಗ ಆ ಅಂಕಿ ಹಳತಾಗಿರುತ್ತದೆ. ಈ ಹುದ್ದೆಗೆ ಸಂಬಂಧಿಸಿದ ಕೆಲಸ ಆರಂಭವಾದ ತಿಂಗಳು, ವರ್ಷ ಬರೆದರೆ ಲೆಕ್ಕ ಎಂದಿಗೂ ಸರಿಯಾಗಿರುತ್ತದೆ. ಸಂಬಳಕ್ಕೂ ಇದೇ ಎಚ್ಚರಿಕೆ. ಕಾರ್ಖಾನೆಯ ಕೆಲಸಗಾರರು ಹೇಳುವುದು ತಿಂಗಳಿಗೆ ಕೈಗೆ ಬರುವ ಮೊತ್ತ, ಮಾರ್ಕೆಟಿಂಗ್‌ನವರು ಹೇಳುವುದು ವರ್ಷದ ಸಿಟಿಸಿ. ಯಾವ ಲೆಕ್ಕ ಎಂದು ಕಾಲಮ್ಮಿನ ತಲೆಯಲ್ಲೇ ಬರೆದು, ಎಲ್ಲವನ್ನೂ ಆ ಲೆಕ್ಕಕ್ಕೆ ತರಬೇಕು. ದಿನಾಂಕ ಬರೆಯುವ ಮುನ್ನ ಹಾಳೆಯ ಸೆಟ್ಟಿಂಗ್‌ನಲ್ಲಿ ದೇಶ ಭಾರತ ಎಂದಿದೆಯೇ ನೋಡುವುದು ಒಳ್ಳೆಯದು. ಅಮೆರಿಕ ಎಂದಿದ್ದರೆ 03/04 ಎಂಬುದು ಏಪ್ರಿಲ್ ಮೂರರ ಬದಲು ಮಾರ್ಚ್ ನಾಲ್ಕಾಗುತ್ತದೆ.

ಕೊನೆಯ ಎರಡು ಕಾಲಮ್‌ಗಳು ಸ್ಥಿತಿ ಮತ್ತು ಕಾರಣ. ಸ್ಥಿತಿಯನ್ನು ಟೈಪ್ ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಇಡಬೇಕು: ಬಂದಿದೆ, ಫೋನ್ ಆಯಿತು, ಸಂದರ್ಶನ, ಟ್ರಯಲ್, ಆಯ್ಕೆ, ಆಯ್ಕೆಯಿಲ್ಲ, ಬರಲಿಲ್ಲ. ಕಾರಣವನ್ನು ಮಾತ್ರ ಮಾತಿನಲ್ಲಿ ಬರೆಯಬೇಕು, ಅದೂ ಕೆಲಸಕ್ಕೆ ಸಂಬಂಧಿಸಿದ್ದಾಗಿರಬೇಕು. "ಸೆಟ್ಟಿಂಗ್ ಬರುವುದಿಲ್ಲ", "ರಾತ್ರಿ ಪಾಳಿ ಆಗದು", "ನೋಟಿಸ್ ಅವಧಿ ಎರಡು ತಿಂಗಳು" ಎಂಬಂಥವು ಮುಂದೆ ಉಪಯೋಗಕ್ಕೆ ಬರುತ್ತವೆ. ರಾತ್ರಿ ಪಾಳಿ ಇಲ್ಲದ ಜಾಗ ಖಾಲಿಯಾದಾಗ ಆ ಒಂದು ಸಾಲಿನಿಂದ ಮೂವರು ಸಿಗಬಹುದು. "ಸರಿಯಿಲ್ಲ" ಎಂಬ ಕಾರಣದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ದಿನದ ಕೊನೆಗೆ ಮೂರು ಹುಡುಕಾಟ ಮಾಡಿದರೆ ಯಾವುದು ತಪ್ಪಿಸಿಕೊಂಡಿದೆ ಎಂಬುದು ಸಿಕ್ಕಿಬೀಳುತ್ತದೆ:

```
label:qc -label:logged
in:inbox has:nouserlabels has:attachment
in:spam has:attachment
```

ಮೊದಲನೆಯದು ಹುದ್ದೆ ಗೊತ್ತಾಗಿದ್ದರೂ ದಾಖಲೆಗೆ ಏರದ ಮೇಲ್‌ಗಳನ್ನು ತೋರಿಸುತ್ತದೆ, ಇದನ್ನು ಪ್ರತಿ ಹುದ್ದೆಯ ಲೇಬಲ್‌ಗೂ ಮಾಡಬೇಕು. ಎರಡನೆಯದು ಯಾವ ಲೇಬಲ್ಲೂ ಬೀಳದವು, ಗೇಟಿನ ಬೋರ್ಡು ನೋಡಿ ಸರಳ ವಿಳಾಸಕ್ಕೆ ಕಳಿಸಿದವರು ಇಲ್ಲೇ ಇರುತ್ತಾರೆ. ಮೂರನೆಯದನ್ನು ಜನ ಮರೆಯುವುದೇ ಹೆಚ್ಚು. ಒಕ್ಕಣೆಯಿಲ್ಲದೆ ಬರೀ ಕಡತ ಲಗತ್ತಿಸಿದ ಮೇಲ್ ಸ್ಪ್ಯಾಮ್‌ಗೆ ಹೋಗುವ ಸಂಭವವಿದೆ, ಮತ್ತು ಸ್ಪ್ಯಾಮ್‌ನಲ್ಲಿ 30 ದಿನ ಉಳಿದದ್ದನ್ನು ಜಿಮೇಲ್ ತಾನಾಗಿ ಅಳಿಸಿಬಿಡುತ್ತದೆ. ಲಗತ್ತು ಹಾಕಲು ಮರೆತವರು ಈ ಹುಡುಕಾಟಗಳಲ್ಲಿ ಕೆಲವರು ಸಿಗದೆ ಹೋಗಬಹುದು. ವಾರಕ್ಕೊಮ್ಮೆ `has:attachment` ಬಿಟ್ಟು ನೋಡಿದರೆ ಅವರೂ ಕಾಣುತ್ತಾರೆ, "ರೆಸ್ಯೂಮೆ ಲಗತ್ತಾಗಿಲ್ಲ, ಮತ್ತೆ ಕಳಿಸಿ" ಎಂದು ಒಂದು ಸಾಲು ಬರೆಯಬಹುದು.

ದಾಖಲೆಗೆ ಏನನ್ನು ಸೇರಿಸಬಾರದು ಎಂಬುದೂ ಮುಖ್ಯ. ನಮ್ಮ ಬಯೋಡೇಟಾಗಳಲ್ಲಿ ತಂದೆಯ ಹೆಸರು, ಜಾತಿ, ಧರ್ಮ, ಮದುವೆಯಾಗಿದೆಯೇ ಇಲ್ಲವೇ ಎಲ್ಲವೂ ಇರುತ್ತವೆ. ಕೆಲವರು ಆಧಾರ್ ಪ್ರತಿಯನ್ನೂ ಲಗತ್ತಿಸುತ್ತಾರೆ. ಟರ್ನಿಂಗ್ ಯಂತ್ರ ಓಡಿಸಲು ಇವಾವುವೂ ಬೇಡ, ಹಾಳೆಯಲ್ಲಿ ಇವಕ್ಕೆ ಕಾಲಮ್ ಇರಲೇಬಾರದು. ಗುರುತಿನ ದಾಖಲೆ ಬೇಕಾಗುವುದು ಆಯ್ಕೆಯಾದವರು ಕೆಲಸಕ್ಕೆ ಸೇರುವಾಗ ಮಾತ್ರ. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಕೂಡ ಇದೇ ದಾರಿಯಲ್ಲಿದೆ. ಮಾಹಿತಿಯನ್ನು ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು, ಉದ್ದೇಶ ಮುಗಿದ ಮೇಲೆ ಅಳಿಸಬೇಕು ಎಂಬುದು ಅದರ ಮೂಲ ತತ್ತ್ವಗಳಲ್ಲಿ ಸೇರಿದೆ. ಹಾಳೆಯನ್ನು ಕೊಂಡಿ ಸಿಕ್ಕವರೆಲ್ಲ ತೆರೆಯುವಂತೆ ಇಡಬಾರದು, ನೇಮಕಾತಿಯಲ್ಲಿ ಭಾಗಿಯಾದ ಎರಡು ಮೂರು ಜನರ ಇಮೇಲ್‌ಗೆ ಮಾತ್ರ ಹಂಚಬೇಕು.

ಆಯ್ಕೆ ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಆಯ್ಕೆಯಾಗದವರಿಗೆ ಎರಡು ಸಾಲಿನ ಉತ್ತರ ಬರೆಯಬೇಕು, ಮುಂದಿನ ಅವಕಾಶಕ್ಕಾಗಿ ರೆಸ್ಯೂಮೆ ಇಟ್ಟುಕೊಳ್ಳಬಹುದೇ ಎಂದು ಅದರಲ್ಲೇ ಕೇಳಬೇಕು. ಒಪ್ಪದವರ ರೆಸ್ಯೂಮೆಯನ್ನೂ, ಒಪ್ಪಿದ್ದರೂ ಕಂಪನಿ ಹಾಕಿಕೊಂಡ ಅವಧಿ, ಆರು ತಿಂಗಳೋ ಒಂದು ವರ್ಷವೋ, ದಾಟಿದವರದನ್ನೂ ಅಳಿಸಬೇಕು. ಅಳಿಸುವುದೆಂದರೆ ಹಾಳೆಯ ಸಾಲು ಮಾತ್ರವಲ್ಲ. ಇಮೇಲ್‌ನಲ್ಲಿರುವ ಮೂಲ, ಡ್ರೈವ್‌ನಲ್ಲಿರುವ ಕಡತ, ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿದ ಪ್ರತಿ, ಮೇಲ್ವಿಚಾರಕರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್, ಸಂದರ್ಶನದ ದಿನ ಪ್ರಿಂಟ್ ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟ ಕಾಗದ, ಇವೆಲ್ಲವೂ ಹೋಗಬೇಕು.